ಕಟ್ಟಿದ್ದು ಒಂದು ದಿನ, ಖರ್ಚು ಹದಿಮೂರು ತಿಂಗಳು

ಲೆಕ್ಕಶಾಸ್ತ್ರದ ಪುಸ್ತಕದಲ್ಲಿ ಅಂತಿಮ ಲೆಕ್ಕಗಳ ಸಮಸ್ಯೆ ಬಿಡಿಸಿದ ಎಲ್ಲರಿಗೂ ಒಂದು ಸಾಲು ಪರಿಚಯವಿದೆ. ತಾಳೆ ಪಟ್ಟಿ ಮುಗಿದ ಮೇಲೆ ‘ಹೊಂದಾಣಿಕೆಗಳು’ ಎಂಬ ಶೀರ್ಷಿಕೆಯ ಕೆಳಗೆ ‘ಮುಂಗಡವಾಗಿ ಪಾವತಿಸಿದ ವಿಮೆ ರೂ. 500’ ಎಂದಿರುತ್ತದೆ. ನಾವು ಲಾಭ-ನಷ್ಟ ಖಾತೆಯಲ್ಲಿ ವಿಮೆಯ ಖರ್ಚಿನಿಂದ 500 ಕಳೆಯುತ್ತೇವೆ, ಅಢಾವೆ ಪತ್ರಿಕೆಯ ಆಸ್ತಿಯ ಕಡೆಗೆ 500 ಬರೆಯುತ್ತೇವೆ, ಅಂಕ ಸಿಗುತ್ತದೆ. ಆ 500 ಎಲ್ಲಿಂದ ಬಂತು ಎಂದು ನಾವು ಕೇಳುವುದಿಲ್ಲ. ಪರೀಕ್ಷೆಯಲ್ಲಿ ಕೇಳಬೇಕಾದ ಅಗತ್ಯವೂ ಇಲ್ಲ, ಯಾರೋ ಲೆಕ್ಕ ಹಾಕಿ ಕೊಟ್ಟಿರುತ್ತಾರೆ.

ಅಂಗಡಿಯಲ್ಲಿ ಆ ಸಾಲನ್ನು ಯಾರೂ ಬರೆದುಕೊಡುವುದಿಲ್ಲ. ಅಲ್ಲಿ ಇರುವುದು ವಿಮೆ ಕಂಪನಿಯ ಒಂದು ಬಿಲ್ಲು, ಅದರ ಮೇಲೆ ಒಂದು ಮೊತ್ತ, ಎರಡು ತಾರೀಖು. ಉಳಿದದ್ದನ್ನು ನಾವೇ ಹುಡುಕಿಕೊಳ್ಳಬೇಕು. ಕಳೆದ ವರ್ಷ ನಮ್ಮ ಮನೆಯ ಬಟ್ಟೆ ಅಂಗಡಿಯ ಲೆಕ್ಕದಲ್ಲಿ ಈ ಸಾಲು ಬರೆಯಬೇಕಾಗಿ ಬಂದಾಗ, ಅದರ ಮೇಲೆ ಮೂವರ ನಡುವಿನ ನ್ಯಾಯ ನಿಂತಿತ್ತು. ಆ ಲೆಕ್ಕವನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ವಾಣಿಜ್ಯ ವಿಭಾಗದವರಿಗೆ ಪಾಠದ ಜೊತೆ ಓದಲು ಅನುಕೂಲವಾಗಬಹುದು. ವಿಜ್ಞಾನ ಮತ್ತು ಕಲಾ ವಿಭಾಗದವರಿಗೂ ಅರ್ಥವಾಗುವಂತೆ ಬರೆಯಲು ಪ್ರಯತ್ನಿಸಿದ್ದೇನೆ, ಏಕೆಂದರೆ ಅಂಗಡಿ ಇರುವ ಮನೆಗಳು ಎಲ್ಲ ವಿಭಾಗಗಳಲ್ಲೂ ಇವೆ.

ಅಂಗಡಿ ಅಬ್ಬಾ ಮತ್ತು ಚಾಚಾ ಇಬ್ಬರದು, ಸಮಪಾಲು. ವರ್ಷಕ್ಕೊಮ್ಮೆ ಲಾಭ ಹಂಚಿಕೊಳ್ಳುವ ಪಾಲುದಾರರೇ ಹೆಚ್ಚು. ಆದರೆ ನಮ್ಮ ಎರಡೂ ಮನೆಗಳು ನಡೆಯುವುದು ಅದೇ ಅಂಗಡಿಯಿಂದ. ಹಾಗಾಗಿ ಅವರು ತಿಂಗಳ ಕೊನೆಗೆ ಕುಳಿತು ಖರ್ಚು ಕಳೆದು, ಉಳಿದದ್ದನ್ನು ಅರ್ಧ ಅರ್ಧ ಮಾಡಿಕೊಳ್ಳುತ್ತಿದ್ದರು. ಅಬ್ಬಾ ದಿನದ ಪುಸ್ತಕ ಬರೆಯುತ್ತಾರೆ. ಎಸ್ಸೆಸ್ಸೆಲ್ಸಿ ರಜೆಯಿಂದ ಅದನ್ನು ಖಾತೆವಾರು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನದು.

ಅಂಗಡಿಯ ಮಾಲು ಮತ್ತು ಪೀಠೋಪಕರಣಗಳಿಗೆ ಬೆಂಕಿ ಮತ್ತು ಕಳವಿನ ವಿಮೆ ಇದೆ. ವಿಮೆ ಮಾಡಿಸಬೇಕೇ ಬೇಡವೇ ಎಂಬ ಬಗ್ಗೆ ನಮ್ಮ ಸಮುದಾಯದಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ಅದು ಬಲ್ಲವರು ಹೇಳಬೇಕಾದ ಮಾತು, ಈ ಲೇಖನದ ವಿಷಯವಲ್ಲ. ಕಟ್ಟಿದ ಹಣವನ್ನು ಪುಸ್ತಕದಲ್ಲಿ ಹೇಗೆ ಬರೆಯಬೇಕು ಎಂಬುದಷ್ಟೇ ಇಲ್ಲಿಯ ಪ್ರಶ್ನೆ.

ಮೊದಲು ಬಿಲ್ಲನ್ನು ನೋಡೋಣ. ಪ್ರೀಮಿಯಂ 21,900 ರೂಪಾಯಿ. ಅದರ ಮೇಲೆ ಶೇಕಡಾ 18ರಂತೆ ಜಿಎಸ್‌ಟಿ 3,942 ರೂಪಾಯಿ. ಒಟ್ಟು 25,842. ಹಣ ಕಟ್ಟಿದ್ದು 2024ರ ಆಗಸ್ಟ್ 6ರಂದು. ಆದರೆ ವಿಮೆಯ ಅವಧಿ ಆಗಸ್ಟ್ 10ರಿಂದ 2025ರ ಆಗಸ್ಟ್ 9ರ ಮಧ್ಯರಾತ್ರಿಯವರೆಗೆ. ಹಳೆಯ ಪಾಲಿಸಿ 9ನೇ ತಾರೀಖಿನವರೆಗೆ ಇದ್ದುದರಿಂದ ಹೊಸದು 10ರಂದು ಶುರು. ಹೀಗೆ ಒಂದೇ ಬಿಲ್ಲಿನಲ್ಲಿ ಬಿಲ್ಲಿನ ದಿನ, ಹಣ ಕಟ್ಟಿದ ದಿನ, ರಕ್ಷಣೆ ಆರಂಭವಾಗುವ ದಿನ ಬೇರೆ ಬೇರೆ ಇರಬಹುದು. ಖರ್ಚನ್ನು ಹಂಚಲು ಬೇಕಾದದ್ದು ಕೊನೆಯದು ಮಾತ್ರ.

ವಿಮೆಯ ಹಣವನ್ನು ಯಾವಾಗಲೂ ಮೊದಲೇ ಏಕೆ ಕಟ್ಟಬೇಕು? ಬಟ್ಟೆಯ ಸಗಟು ವ್ಯಾಪಾರಿ ನಮಗೆ ತಿಂಗಳ ಉದ್ದರಿ ಕೊಡುತ್ತಾರೆ, ವಿಮೆ ಕಂಪನಿ ಕೊಡುವುದಿಲ್ಲ. ಅದಕ್ಕೆ ಕಾನೂನೇ ಕಾರಣ. 1938ರ ವಿಮಾ ಕಾಯ್ದೆಯ 64ವಿಬಿ ಕಲಮಿನ ಪ್ರಕಾರ ಪ್ರೀಮಿಯಂ ಮುಂಚಿತವಾಗಿ ಕೈಸೇರದೆ ಕಂಪನಿ ಅಪಾಯದ ಹೊಣೆ ಹೊರುವಂತಿಲ್ಲ. ಬಾಡಿಗೆ, ಕರೆಂಟು ಬಿಲ್ಲು, ಸಂಬಳ ಇವೆಲ್ಲ ಹೆಚ್ಚಾಗಿ ಬಳಸಿದ ಮೇಲೆ ಕೊಡುವ ಖರ್ಚುಗಳು. ವಿಮೆ ಮಾತ್ರ ಬಳಸುವ ಮೊದಲೇ ಇಡೀ ವರ್ಷದ್ದನ್ನು ಕೊಡುವ ಖರ್ಚು. ಪಠ್ಯಪುಸ್ತಕದ ಹೊಂದಾಣಿಕೆಗಳಲ್ಲಿ ಸಂಬಳ ‘ಬಾಕಿ’ಯಾಗಿಯೂ ವಿಮೆ ‘ಮುಂಗಡ’ವಾಗಿಯೂ ಪದೇ ಪದೇ ಬರುವುದು ಇದಕ್ಕೇ.

ಆಗಸ್ಟ್ ತಿಂಗಳ ಪುಸ್ತಕದಲ್ಲಿ ಅಬ್ಬಾ ಎಂದಿನ ರೂಢಿಯಂತೆ ಇಡೀ ಪ್ರೀಮಿಯಂ ಅನ್ನು ಆ ತಿಂಗಳ ಖರ್ಚಿಗೆ ಹಾಕಿದ್ದರು. ಬೇರೆಲ್ಲ ಖರ್ಚು ಕಳೆದ ಮೇಲೆ ಆ ತಿಂಗಳು ಉಳಿದಿದ್ದು 38,400. ಅದರಿಂದ 21,900 ಕಳೆದರೆ 16,500. ಒಬ್ಬೊಬ್ಬರಿಗೆ 8,250. ಆ ತಿಂಗಳು ಚಾಚಿ ನಮ್ಮ ಮನೆಗೆ ಬಂದಾಗ ಅಮ್ಮಿಯನ್ನು ಮೆಲ್ಲಗೆ ಕೇಳಿದ್ದರು: “ಅಂಗಡಿ ನಡೀತಾ ಇಲ್ವಾ? ಇಷ್ಟು ಕಮ್ಮಿ ಯಾಕೆ?” ಅಂಗಡಿ ಚೆನ್ನಾಗಿಯೇ ನಡೆದಿತ್ತು. ಪುಸ್ತಕ ಮಾತ್ರ ಬೇರೆ ಕಥೆ ಹೇಳುತ್ತಿತ್ತು. ಸೆಪ್ಟೆಂಬರಿನಲ್ಲಿ ವಿಮೆಯ ಖರ್ಚು ಸೊನ್ನೆ, ಆದ್ದರಿಂದ ವ್ಯಾಪಾರ ಏಕಾಏಕಿ ಎದ್ದು ನಿಂತಂತೆ ಕಂಡಿತು. ಎರಡೂ ನಿಜವಲ್ಲ.

ಇದನ್ನು ಮೊಬೈಲಿನಿಂದ ಅರ್ಥಮಾಡಿಕೊಳ್ಳುವುದು ಸುಲಭ. ನಾವು 84 ದಿನಗಳ ರೀಚಾರ್ಜ್ ಹಾಕಿಸುತ್ತೇವೆ. ಹಣ ಮೊದಲ ದಿನವೇ ಹೋಯಿತು. ಆದರೆ ನಲವತ್ತನೆಯ ದಿನ ಮುಗಿದಾಗ “ರೀಚಾರ್ಜ್ ಮುಗಿದುಹೋಗಿದೆ” ಎಂದು ಯಾರೂ ಹೇಳುವುದಿಲ್ಲ, “ಇನ್ನೂ 44 ದಿನ ಇದೆ” ಎನ್ನುತ್ತೇವೆ. ಆ 44 ದಿನಗಳೇ ನಮ್ಮ ಆಸ್ತಿ. ‘ಪ್ರಿಪೇಯ್ಡ್’ ಎಂಬ ಪದ ಸಿಮ್ ಕಾರ್ಡಿಗೂ ಲೆಕ್ಕಶಾಸ್ತ್ರಕ್ಕೂ ಒಂದೇ ಅರ್ಥದಲ್ಲಿ ಸಲ್ಲುತ್ತದೆ. ಪ್ರೀಮಿಯಂ ಎಂದರೆ ಅಂಗಡಿಗೆ ಹಾಕಿಸಿದ 365 ದಿನಗಳ ರೀಚಾರ್ಜ್. ಹಣ ಹೋಗುವುದು ಒಂದು ದಿನ, ಖರ್ಚಾಗುವುದು ದಿನದಿನವೂ.

ದಿನಕ್ಕೆ ಎಷ್ಟು? 21,900 ಅನ್ನು 365ರಿಂದ ಭಾಗಿಸಿದರೆ 60 ರೂಪಾಯಿ. ಇಷ್ಟು ಸರಿಯಾಗಿ ಭಾಗವಾಗುವುದು ಅಪರೂಪ, ಸಾಮಾನ್ಯವಾಗಿ ಪೈಸೆಗಳು ಉಳಿಯುತ್ತವೆ, ಅವನ್ನು ಕೊನೆಯ ತಿಂಗಳಿಗೆ ಸೇರಿಸಿ ಮುಗಿಸಬಹುದು. ಇನ್ನು ಆಯಾ ತಿಂಗಳಲ್ಲಿ ಎಷ್ಟು ದಿನ ರಕ್ಷಣೆ ಇತ್ತೋ ಅಷ್ಟು ಅರವತ್ತುಗಳು ಆ ತಿಂಗಳ ಖರ್ಚು. ಆಗಸ್ಟ್ 10ರಿಂದ 31ರವರೆಗೆ 22 ದಿನ, 1,320 ರೂಪಾಯಿ. ಮೂವತ್ತು ದಿನದ ತಿಂಗಳಿಗೆ 1,800, ಮೂವತ್ತೊಂದು ದಿನದ್ದಕ್ಕೆ 1,860, ಫೆಬ್ರವರಿಗೆ 1,680. ಕೊನೆಗೆ 2025ರ ಆಗಸ್ಟಿನಲ್ಲಿ 9 ದಿನಕ್ಕೆ 540. ಪಾಲಿಸಿ ತಿಂಗಳ ನಡುವೆ ಶುರುವಾದುದರಿಂದ ಒಂದು ವರ್ಷದ ವಿಮೆ ಕ್ಯಾಲೆಂಡರಿನ ಹದಿಮೂರು ತಿಂಗಳಿಗೆ ಹರಡಿಕೊಳ್ಳುತ್ತದೆ. ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 1,825 ಎಂದು ಸಮನಾಗಿ ಬರೆಯುವವರೂ ಇದ್ದಾರೆ. ಸಣ್ಣ ಅಂಗಡಿಗೆ ಅದೂ ನಡೆಯುತ್ತದೆ, ಆದರೆ ಮೊದಲ ವರ್ಷ ಯಾವ ರೀತಿ ಹಿಡಿದೆವೋ ಮುಂದೆಯೂ ಅದನ್ನೇ ಹಿಡಿಯಬೇಕು. ತಾರೀಖಿನ ನಡುವೆ ಯಾರಾದರೂ ಬರುವ, ಹೋಗುವ ಸಂದರ್ಭವಿದ್ದರೆ ದಿನದ ಲೆಕ್ಕವೇ ಒಳ್ಳೆಯದು.

ಕಂಪ್ಯೂಟರಿನಲ್ಲಿ ದಿನ ಎಣಿಸುವಾಗ ಒಂದು ಎಚ್ಚರ ಬೇಕು. ಕೊನೆಯ ತಾರೀಖಿನಿಂದ ಮೊದಲ ತಾರೀಖನ್ನು ಕಳೆದರೆ 364 ಬರುತ್ತದೆ, ಏಕೆಂದರೆ ಮೊದಲ ದಿನವೇ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಒಂದು ಕೂಡಿಸಬೇಕು. ಎಕ್ಸೆಲ್ ಹಾಳೆಯಲ್ಲಿ B1ರಲ್ಲಿ ಆರಂಭದ ದಿನ, B2ರಲ್ಲಿ ಕೊನೆಯ ದಿನ, B3ರಲ್ಲಿ ಪ್ರೀಮಿಯಂ, B4ರಲ್ಲಿ ತಿಂಗಳ ಕೊನೆಯ ತಾರೀಖು ಹಾಕಿದರೆ, ಮೊದಲ ಸೂತ್ರ ಒಟ್ಟು ದಿನಗಳನ್ನೂ ಎರಡನೆಯದು ಆ ತಾರೀಖಿಗೆ ಇನ್ನೂ ಉಳಿದಿರುವ ಮುಂಗಡವನ್ನೂ ಕೊಡುತ್ತದೆ:

```
=B2-B1+1
=B3*(B2-B4)/(B2-B1+1)
```

ಎರಡನೆಯ ಸೂತ್ರದ ಮೇಲಿನ ಭಾಗದಲ್ಲಿ ಒಂದನ್ನು ಕೂಡಿಸಿಲ್ಲ, ಗಮನಿಸಿ. ತಿಂಗಳ ಕೊನೆಯ ದಿನ ಆಗಲೇ ಕಳೆದುಹೋಗಿದೆ, ಉಳಿದಿರುವುದು ಮಾರನೆಯ ದಿನದಿಂದ. ಇನ್ನೊಂದು ಮಾತು: 365 ಎಂಬುದನ್ನು ಕೈಯಿಂದ ಬರೆಯದೆ ಹೀಗೆ ತಾರೀಖುಗಳಿಂದಲೇ ಪಡೆಯುವುದು ಕ್ಷೇಮ. ಹಿಂದಿನ ಪಾಲಿಸಿ 2023ರ ಆಗಸ್ಟ್ 10ರಿಂದ 2024ರ ಆಗಸ್ಟ್ 9ರವರೆಗಿನದು. ಅದರ ನಡುವೆ ಫೆಬ್ರವರಿ 29 ಬಂದಿತ್ತು, ಹಾಗಾಗಿ ಅದಕ್ಕೆ 366 ದಿನ.

ಈಗ ಪುಸ್ತಕದ ನಮೂದು. ಇದನ್ನು ಎರಡು ರೀತಿಯಲ್ಲಿ ಮಾಡಬಹುದು. ಮೊದಲನೆಯದು, ಹಣ ಕಟ್ಟಿದ ದಿನವೇ ಇಡೀ 21,900 ಅನ್ನು ‘ಮುಂಗಡ ವಿಮೆ’ ಎಂಬ ಆಸ್ತಿ ಖಾತೆಗೆ ಡೆಬಿಟ್ ಮಾಡಿ ಬ್ಯಾಂಕ್ ಖಾತೆಗೆ ಕ್ರೆಡಿಟ್ ಮಾಡುವುದು. ಆಮೇಲೆ ಪ್ರತಿ ತಿಂಗಳ ಕೊನೆಗೆ ಆ ತಿಂಗಳ ಭಾಗವನ್ನು ವಿಮೆ ಖರ್ಚು ಖಾತೆಗೆ ಡೆಬಿಟ್, ಮುಂಗಡ ವಿಮೆಗೆ ಕ್ರೆಡಿಟ್. ಎರಡನೆಯದು, ಮೊದಲ ದಿನ ಇಡೀ ಮೊತ್ತವನ್ನು ಖರ್ಚಿಗೇ ಬರೆದು, ಲೆಕ್ಕ ಮುಚ್ಚುವ ದಿನ ಬಳಕೆಯಾಗದೆ ಉಳಿದದ್ದನ್ನು ಖರ್ಚಿನಿಂದ ತೆಗೆದು ಮುಂಗಡಕ್ಕೆ ಸರಿಸುವುದು. ಪಠ್ಯಪುಸ್ತಕದ ಹೊಂದಾಣಿಕೆ ಈ ಎರಡನೆಯ ರೀತಿಯದು. ಎರಡರ ಕೊನೆಯ ಉತ್ತರ ಒಂದೇ. ತಿಂಗಳು ತಿಂಗಳು ಲಾಭ ನೋಡುವವರಿಗೆ ಮೊದಲನೆಯದೇ ಸರಿ, ಏಕೆಂದರೆ ಎರಡನೆಯದರಲ್ಲಿ ವರ್ಷದ ಕೊನೆಯವರೆಗೂ ತಿಂಗಳ ಅಂಕಿಗಳು ವಕ್ರವಾಗಿಯೇ ಇರುತ್ತವೆ.

ಮೊದಲ ರೀತಿಯಲ್ಲಿ ಬರೆದಿದ್ದರೆ ಆಗಸ್ಟಿನ ಲಾಭ 38,400ರಲ್ಲಿ 1,320 ಕಳೆದು 37,080 ಆಗುತ್ತಿತ್ತು, ಒಬ್ಬೊಬ್ಬರ ಪಾಲು 18,540. ನಾನು ಇದನ್ನು ಒಂದು ಹಾಳೆಯಲ್ಲಿ ಬರೆದು ತೋರಿಸಿದಾಗ ಅಬ್ಬಾ ಕೇಳಿದ ಪ್ರಶ್ನೆ ಸರಿಯಾದದ್ದೇ ಆಗಿತ್ತು: “ದುಡ್ಡು ಆಗಸ್ಟಿನಲ್ಲೇ ಹೋಯ್ತಲ್ಲಮ್ಮಾ, 18,540 ಎಲ್ಲಿಂದ ಕೊಡೋದು?” ನಿಜ, ಗಲ್ಲಾದಲ್ಲಿ ಅಷ್ಟು ಹಣ ಇರಲಿಲ್ಲ. ಲಾಭ ಬೇರೆ, ಕೈಯಲ್ಲಿರುವ ನಗದು ಬೇರೆ. ಲಾಭ ಅಷ್ಟಿದೆ ಎಂದು ಪುಸ್ತಕ ಹೇಳುತ್ತದೆ, ಆದರೆ ಅದರಲ್ಲಿ ಒಂದು ಭಾಗ ವಿಮೆಯ ರೂಪದಲ್ಲಿ ಮುಂದಿನ ತಿಂಗಳುಗಳಿಗಾಗಿ ಕಟ್ಟಿಹಾಕಿಕೊಂಡಿದೆ. ಆದ್ದರಿಂದ ಪಾಲನ್ನು ಖಾತೆಗೆ ಜಮಾ ಮಾಡಿ, ನಗದನ್ನು ಇದ್ದಷ್ಟೇ ಹಂಚಿಕೊಳ್ಳಬಹುದು. ಉಳಿದದ್ದು ಅವರವರ ಬಂಡವಾಳ ಖಾತೆಯಲ್ಲಿ ಕಾಣುತ್ತದೆ. ಮುಂಗಡ ಎಂದು ಬರೆದಾಕ್ಷಣ ಹೋದ ಹಣ ತಿರುಗಿ ಬರುವುದಿಲ್ಲ, ಅದು ಯಾವ ತಿಂಗಳಿಗೆ ಸೇರಿದ್ದು ಎಂಬುದಷ್ಟೇ ತಿಳಿಯುತ್ತದೆ.

“ವರ್ಷ ಪೂರ್ತಿ ನೋಡಿದರೆ ಒಂದೇ ತಾನೇ?” ಎಂದರು ಅಬ್ಬಾ. ಅವರ ಮಟ್ಟಿಗೆ ಅದು ಸತ್ಯ. ಒಂದೇ ತಿಂಗಳಲ್ಲಿ ಕಳೆದರೂ ಹದಿಮೂರು ತಿಂಗಳಲ್ಲಿ ಕಳೆದರೂ ಅವರ ಪಾಲಿಗೆ ಬರುವುದು ಅರ್ಧ, ಅಂದರೆ 10,950. ಮೊದಲಿನಿಂದ ಕೊನೆಯವರೆಗೂ ಅಂಗಡಿಯಲ್ಲಿ ಇರುವವರಿಗೆ ವ್ಯತ್ಯಾಸ ಕಾಣುವುದೇ ಇಲ್ಲ. ನಡುವೆ ಹೋಗುವವರಿಗೂ ನಡುವೆ ಬರುವವರಿಗೂ ಕಾಣುತ್ತದೆ.

ಆ ವರ್ಷ ಎರಡೂ ನಡೆದವು. ಚಾಚಾ ತಮ್ಮ ಮಗನ ಜೊತೆ ಸ್ವಂತ ಅಂಗಡಿ ಇಡಲು ನಿರ್ಧರಿಸಿ ಡಿಸೆಂಬರ್ 31ಕ್ಕೆ ಪಾಲು ಬಿಡುವುದೆಂದಾಯಿತು. ಜನವರಿ 1ರಿಂದ ಅವರ ಜಾಗಕ್ಕೆ ನಮ್ಮ ಮಾಮು, ಅದೇ ಅರ್ಧ ಪಾಲಿಗೆ. ಎಲ್ಲವೂ ಪ್ರೀತಿಯಿಂದಲೇ ಆದದ್ದು. ಆದರೆ ಪ್ರೀತಿ ಇರುವ ಕಡೆಯೇ ಲೆಕ್ಕ ಸ್ಪಷ್ಟವಾಗಿರಬೇಕು ಎಂಬುದು ಚಾಚಾರ ಮಾತು. ಕುರ್‌ಆನಿನ ಅತಿ ದೀರ್ಘವಾದ ಆಯತ್, ಸೂರಃ ಅಲ್ ಬಕರಃದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ, ಬರೆಯುವವನು ನ್ಯಾಯವಾಗಿ ಬರೆಯಬೇಕೆಂಬ ಬಗ್ಗೆ ಇದೆ ಎಂದು ಅವರು ನೆನಪಿಸುತ್ತಿದ್ದರು.

ಮಾಲು ಎಣಿಸಿದರು, ಬರಬೇಕಾದ ಉದ್ದರಿ ಪಟ್ಟಿ ಮಾಡಿದರು, ಕೊಡಬೇಕಾದದ್ದನ್ನು ಬರೆದರು. ಕಪಾಟು, ಕನ್ನಡಿ, ಇನ್ವರ್ಟರಿಗೆಲ್ಲ ಬೆಲೆ ಕಟ್ಟಿದರು. ಪಟ್ಟಿಯಲ್ಲಿ ವಿಮೆ ಇರಲಿಲ್ಲ. ಕಣ್ಣಿಗೆ ಕಾಣುವ ವಸ್ತುವಲ್ಲ ಅದು. ಆಗಸ್ಟಿನಲ್ಲೇ ಖರ್ಚಿಗೆ ಬರೆದಿದ್ದರಿಂದ ಪುಸ್ತಕದಲ್ಲೂ ಅದರ ಗುರುತು ಉಳಿದಿರಲಿಲ್ಲ.

ಡಿಸೆಂಬರ್ 31ಕ್ಕೆ ಎಣಿಸಿ ನೋಡೋಣ. ಆಗಸ್ಟಿನ 22 ದಿನ, ಸೆಪ್ಟೆಂಬರ್ 30, ಅಕ್ಟೋಬರ್ 31, ನವೆಂಬರ್ 30, ಡಿಸೆಂಬರ್ 31, ಒಟ್ಟು 144 ದಿನ ಕಳೆದಿತ್ತು. ಅರವತ್ತರಂತೆ 8,640 ರೂಪಾಯಿ ಖರ್ಚಾಗಿತ್ತು. ಉಳಿದ 221 ದಿನಗಳ ಬೆಲೆ 13,260 ರೂಪಾಯಿ. ಚಾಚಾರ ಪಾಲಿನಿಂದ ಆಗಸ್ಟಿನಲ್ಲಿ ಕಳೆದದ್ದು 10,950. ಅವರು ಅಂಗಡಿಯಲ್ಲಿದ್ದ ದಿನಗಳಿಗೆ ಅವರು ಹೊರಬೇಕಾದದ್ದು 8,640ರ ಅರ್ಧ, 4,320 ಮಾತ್ರ. ವ್ಯತ್ಯಾಸ 6,630. ಇದನ್ನು ಹಾಗೆಯೇ ಬಿಟ್ಟಿದ್ದರೆ ಚಾಚಾ ತಾವು ಇಲ್ಲದ ಏಳು ತಿಂಗಳಿಗೂ ಹೆಚ್ಚಿನ ಕಾಲದ ವಿಮೆಗೆ ದುಡ್ಡು ಕೊಟ್ಟಂತೆ, ಮಾಮುಗೆ ಅಷ್ಟೂ ಕಾಲ ಪುಕ್ಕಟೆ ರಕ್ಷಣೆ ಸಿಕ್ಕಂತೆ ಆಗುತ್ತಿತ್ತು. ಅಬ್ಬಾಗೆ ಏನೂ ಆಗುತ್ತಿರಲಿಲ್ಲ. ಪುಸ್ತಕ ಬರೆಯುವವರಿಗೆ ತಾಗದ ನಷ್ಟ ಪುಸ್ತಕದಲ್ಲಿ ಕಾಣದೆ ಉಳಿಯುವುದು ಸುಲಭ.

ನಮೂದು ಸರಳ. ಆಗಲೇ ಖರ್ಚಿಗೆ ಬರೆದಿದ್ದರಿಂದ ಎರಡನೆಯ ರೀತಿ: ಮುಂಗಡ ವಿಮೆ ಖಾತೆಗೆ 13,260 ಡೆಬಿಟ್, ವಿಮೆ ಖರ್ಚು ಖಾತೆಗೆ 13,260 ಕ್ರೆಡಿಟ್. ಇದರಿಂದ ಆ ದಿನದವರೆಗಿನ ಲಾಭ ಅಷ್ಟು ಹೆಚ್ಚಿತು. ಅಬ್ಬಾ ಮತ್ತು ಚಾಚಾ ಇಬ್ಬರ ಬಂಡವಾಳಕ್ಕೂ ತಲಾ 6,630 ಜಮಾ ಆಯಿತು. ದ್ವಿತೀಯ ಪಿಯುಸಿಯ ಪಾಲುದಾರನ ನಿವೃತ್ತಿ ಅಧ್ಯಾಯದಲ್ಲಿ ಪುನರ್ಮೌಲ್ಯೀಕರಣ ಖಾತೆಯ ಜಮಾ ಬದಿಗೆ ಕೆಲವೊಮ್ಮೆ ಮುಂಗಡ ವಿಮೆ ಎಂಬ ಒಂದು ಸಾಲು ಬರುತ್ತದೆ. ಅದರ ಹಿಂದಿರುವುದು ಇದೇ ಕಥೆ.

ಮಾಮುಗೆ ಇದು ಒಪ್ಪಿಗೆಯಾಗಲು ಸ್ವಲ್ಪ ಹೊತ್ತು ಹಿಡಿಯಿತು. “ನಾನು ಕಟ್ಟದ ವಿಮೆಗೆ ನಾನ್ಯಾಕೆ ಕೊಡಲಿ? ಕಳೆದ ವರ್ಷದ ಖರ್ಚಲ್ವಾ ಅದು?” ಎಂದರು. ಕಟ್ಟಿದ್ದು ಕಳೆದ ವರ್ಷ, ಆದರೆ ಜನವರಿ 1ರಿಂದ ಆಗಸ್ಟ್ 9ರವರೆಗೆ ಆ ಪಾಲಿಸಿ ಕಾಯುವುದು ಯಾರ ಮಾಲನ್ನು? ಅದರಲ್ಲಿ ಅರ್ಧ ಮಾಮುರದೇ. ಕಪಾಟಿನ ಅರ್ಧ ಬೆಲೆ ಕೊಡಲು ಅವರು ತಕರಾರು ಮಾಡಿರಲಿಲ್ಲ. ಉಳಿದ 221 ದಿನಗಳ ವಿಮೆಯೂ ಹಾಗೆಯೇ, ಆ ದಿನ ಅಂಗಡಿಯಲ್ಲಿದ್ದ, ಮುಂದೆ ಅವರ ಉಪಯೋಗಕ್ಕೆ ಬರುವ ಒಂದು ಆಸ್ತಿ. ಚಾಚಾ “ಆರು ಸಾವಿರಕ್ಕೆ ಏನು, ಬಿಡಿ” ಎಂದರು. ಆಗ ಮಾಮು ತಾವೇ ಹೇಳಿದರು: “ಬಿಡೋದಾದರೆ ಗೊತ್ತಿದ್ದು ಬಿಡಬೇಕು. ಗೊತ್ತಾದ ಮೇಲೆ ನಾನು ಇಟ್ಟುಕೊಳ್ಳಲಾರೆ.” ಅವರು ತಂದ ಬಂಡವಾಳದಲ್ಲಿ ಆ 6,630 ಸೇರಿತು, ಚಾಚಾಗೆ ಕೊಡಬೇಕಾದ ಮೊತ್ತದಲ್ಲಿಯೂ ಸೇರಿತು.

ಇದರ ಜೊತೆಗೆ ಇನ್ನೊಂದು ಕೆಲಸ ಇತ್ತು, ಅದು ಲೆಕ್ಕಕ್ಕಿಂತ ದೊಡ್ಡದು. ಪಾಲುದಾರರು ಬದಲಾದದ್ದನ್ನು ವಿಮೆ ಕಂಪನಿಗೆ ತಿಳಿಸಿ ಪಾಲಿಸಿಯಲ್ಲಿ ತಿದ್ದುಪಡಿ ಬರೆಸಿಕೊಳ್ಳಬೇಕು. ಪಾಲಿಸಿಯಲ್ಲಿರುವ ಮಾಲೀಕರೂ ನಿಜವಾದ ಮಾಲೀಕರೂ ಬೇರೆಯಾದರೆ ಪರಿಹಾರ ಕೇಳುವ ದಿನ ತೊಡಕು ಬರಬಹುದು. ಆಗ ನಮ್ಮ ಪುಸ್ತಕದ 13,260 ಎಂಬ ಆಸ್ತಿ ಬರೀ ಕಾಗದವಾಗುತ್ತದೆ. ಮುಂಗಡ ವಿಮೆ ಆಸ್ತಿಯಾಗುವುದು ಅದರ ಹಿಂದೆ ರಕ್ಷಣೆ ನಿಜವಾಗಿ ಇದ್ದಾಗ ಮಾತ್ರ.

ಹಾಗೆಯೇ ಈ ಆಸ್ತಿಯನ್ನು ನಗದಿನಂತೆ ಎಣಿಸಬಾರದು. ಅಂಗಡಿಯ ಕಟ್ಟಡಕ್ಕೆ ಕೊಟ್ಟ ಅಡ್ವಾನ್ಸ್ ಬೇರೆ: ಖಾಲಿ ಮಾಡುವಾಗ ಅದು ತಿರುಗಿ ಬರುತ್ತದೆ, ತಿಂಗಳು ತಿಂಗಳು ಕರಗುವುದಿಲ್ಲ. ಮುಂಗಡ ವಿಮೆ ತಾನಾಗಿಯೇ ಕರಗಿ ಮುಗಿಯುವಂಥದ್ದು. ನಡುವೆ ಪಾಲಿಸಿ ರದ್ದು ಮಾಡಿದರೆ ಎಷ್ಟು ಹಣ ಮರಳುತ್ತದೆ ಎಂಬುದನ್ನು ಹೇಳುವುದು ಪಾಲಿಸಿಯ ಷರತ್ತುಗಳು, ನಮ್ಮ ದಿನದ ಲೆಕ್ಕವಲ್ಲ. ಅಂಗಡಿಯನ್ನೇ ಮುಚ್ಚುವುದಾದರೆ ಉಳಿದ ಮುಂಗಡವನ್ನು ಪುಸ್ತಕದ ಬೆಲೆಗೆ ನಂಬದೆ ಕಂಪನಿಯನ್ನು ಕೇಳಬೇಕು.

ಜಿಎಸ್‌ಟಿಯ 3,942 ಎಲ್ಲಿ ಹೋಯಿತು ಎಂದು ಯಾರಾದರೂ ಕೇಳಬಹುದು. ನಮ್ಮ ಅಂಗಡಿ ಸಾಮಾನ್ಯ ಜಿಎಸ್‌ಟಿ ನೋಂದಣಿಯಲ್ಲಿದೆ. ಬಿಲ್ಲಿನ ಮೇಲೆ ಅಂಗಡಿಯ ನೋಂದಣಿ ಸಂಖ್ಯೆ ಇದ್ದುದರಿಂದ ಆ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆದು, ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಆದ್ದರಿಂದ ಅದು ಖರ್ಚೇ ಅಲ್ಲ, ಹಂಚುವ ಪ್ರಶ್ನೆಯೂ ಇಲ್ಲ. ನೋಂದಣಿ ಇಲ್ಲದ ಅಂಗಡಿ ಅಥವಾ ಕಾಂಪೊಸಿಷನ್ ಯೋಜನೆಯಲ್ಲಿರುವ ಅಂಗಡಿಗೆ ಈ ಸೌಲಭ್ಯವಿಲ್ಲ. ಅವರಿಗೆ ತೆರಿಗೆಯೂ ವಿಮೆಯ ವೆಚ್ಚವೇ, ಇಡೀ 25,842 ಅನ್ನು ಹಂಚಬೇಕು, ದಿನಕ್ಕೆ 70 ರೂಪಾಯಿ 80 ಪೈಸೆ. ಬ್ಯಾಂಕಿನಿಂದ ಹೋದ ಮೊತ್ತವನ್ನೇ ನೋಡಿ ಹಂಚಲು ಕುಳಿತರೆ ಈ ಭೇದ ತಪ್ಪಿಹೋಗುತ್ತದೆ. ಬಿಲ್ಲನ್ನೇ ಕೈಯಲ್ಲಿ ಹಿಡಿದುಕೊಳ್ಳಬೇಕು.

ಲೆಕ್ಕ ಸರಿಯಿದೆಯೇ ಎಂದು ತಿಳಿಯಲು ನಾನು ತಿಂಗಳ ಕೊನೆಗೆ ಒಂದೇ ಪರೀಕ್ಷೆ ಮಾಡುತ್ತೇನೆ. ಮುಂಗಡ ವಿಮೆ ಖಾತೆಯ ಶಿಲ್ಕನ್ನು ದಿನದ ದರದಿಂದ ಭಾಗಿಸಿದರೆ ಪಾಲಿಸಿಯಲ್ಲಿ ಉಳಿದಿರುವ ದಿನಗಳೇ ಬರಬೇಕು. 2025ರ ಮಾರ್ಚ್ 31ಕ್ಕೆ ಶಿಲ್ಕು 7,860 ಇತ್ತು. ಅರವತ್ತರಿಂದ ಭಾಗಿಸಿದರೆ 131. ಏಪ್ರಿಲ್ 1ರಿಂದ ಆಗಸ್ಟ್ 9ರವರೆಗೆ ಎಣಿಸಿದರೆ ಸರಿಯಾಗಿ 131 ದಿನ. ಆ ವರ್ಷದ ಲಾಭ-ನಷ್ಟ ಖಾತೆಗೆ ಈ ಪಾಲಿಸಿಯಿಂದ 14,040, ಅಢಾವೆ ಪತ್ರಿಕೆಗೆ 7,860. ಎರಡೂ ಕೂಡಿ 21,900. ದಿನ ಹೊಂದದಿದ್ದರೆ ಯಾವುದೋ ತಿಂಗಳ ನಮೂದು ಬಿಟ್ಟುಹೋಗಿದೆ ಅಥವಾ ಎರಡು ಸಲ ಬಿದ್ದಿದೆ ಎಂದರ್ಥ. ಪಾಲಿಸಿ ಮುಗಿದ ಮೇಲೂ ಶಿಲ್ಕು ಉಳಿದಿದ್ದರೆ, ಇಲ್ಲದ ವಸ್ತುವನ್ನು ಆಸ್ತಿ ಎಂದು ತೋರಿಸುತ್ತಿದ್ದೇವೆ, ಲಾಭವನ್ನು ಉಬ್ಬಿಸುತ್ತಿದ್ದೇವೆ.

ಸ್ವಾರಸ್ಯವೆಂದರೆ, ಇದೇ ಲೆಕ್ಕವನ್ನು ಎದುರು ಬದಿಯಲ್ಲಿ ವಿಮೆ ಕಂಪನಿಯೂ ಮಾಡುತ್ತದೆ. ನಮ್ಮಿಂದ ಪ್ರೀಮಿಯಂ ಬಂದ ದಿನವೇ ಇಡೀ ಮೊತ್ತವನ್ನು ಅದು ತನ್ನ ಆದಾಯ ಎಂದು ತೋರಿಸುವಂತಿಲ್ಲ. ಇನ್ನೂ ಕಳೆಯದ ದಿನಗಳ ಭಾಗ ಅದರ ಪುಸ್ತಕದಲ್ಲಿ ಹೊಣೆಯಾಗಿ ಇರುತ್ತದೆ. ನಮ್ಮ ಆಸ್ತಿ ಅವರ ಹೊಣೆ, ಇಬ್ಬರ ಕಡೆಯೂ ದಿನದಿನಕ್ಕೆ ಕರಗುತ್ತದೆ.

ಎಲ್ಲ ವಿಮೆಯನ್ನೂ ಹೀಗೆ ಹಂಚಬೇಕೇ? ಬೇಕಿಲ್ಲ. ಕೆಲಸದ ಹುಡುಗನಿಗೆ ವರ್ಷಕ್ಕೆ ಕೆಲವು ನೂರು ರೂಪಾಯಿಯ ಅಪಘಾತ ವಿಮೆ ಮಾಡಿಸಿದರೆ ಅದನ್ನು ಆ ತಿಂಗಳಿಗೇ ಬರೆದು ಮುಗಿಸಬಹುದು. ತಿಂಗಳಿಗೆ ಮೂವತ್ತು ನಲವತ್ತು ರೂಪಾಯಿಯ ವ್ಯತ್ಯಾಸದಿಂದ ಯಾರ ನಿರ್ಧಾರವೂ ಬದಲಾಗುವುದಿಲ್ಲ. ಲೆಕ್ಕಶಾಸ್ತ್ರದಲ್ಲಿ ಇದಕ್ಕೆ ಮಹತ್ವದ ತತ್ವ ಎಂಬ ಹೆಸರಿದೆ. ಎಷ್ಟು ದೊಡ್ಡ ಮೊತ್ತವಾದರೆ ಹಂಚಬೇಕು ಎಂಬುದನ್ನು ಅಂಗಡಿಯ ಗಾತ್ರ ನೋಡಿ ಮೊದಲೇ ತೀರ್ಮಾನಿಸಿಕೊಂಡರೆ ಸಾಕು.

ಮಾಮು ಬಂದ ಮೇಲೆ ಒಂದು ಹೊಸ ರೂಢಿ ಶುರು ಮಾಡಿದರು. ಮುಂದಿನ ಆಗಸ್ಟಿಗೆ ಒಮ್ಮೆಲೇ ಇಷ್ಟು ಹಣ ಹೊಂದಿಸುವುದು ಕಷ್ಟ ಎಂದು ಪ್ರತಿ ತಿಂಗಳು ಎರಡು ಸಾವಿರ ಬೇರೆ ಎತ್ತಿಡುತ್ತಾರೆ. “ಇದನ್ನೂ ಮುಂಗಡ ವಿಮೆಗೆ ಬರಿ” ಎಂದರು. ಇವೆರಡು ಒಂದೇ ಅಲ್ಲ. ಮುಂಗಡ ವಿಮೆ ಎಂದರೆ ಈಗಾಗಲೇ ಕಂಪನಿಗೆ ಕೊಟ್ಟು, ಇನ್ನೂ ಬಳಸದ ಹಣ. ಎತ್ತಿಟ್ಟದ್ದು ಇನ್ನೂ ನಮ್ಮದೇ ನಗದು, ಯಾರಿಗೂ ಕೊಟ್ಟಿಲ್ಲ, ಖರ್ಚೂ ಆಗಿಲ್ಲ. ಅದನ್ನು ಬೇರೊಂದು ಉಳಿತಾಯ ಖಾತೆಯಾಗಿ ತೋರಿಸುತ್ತೇನೆ. ಎರಡನ್ನೂ ಖರ್ಚಿಗೆ ಹಾಕಿದರೆ ಒಂದೇ ತಿಂಗಳಲ್ಲಿ ಎರಡು ಬಾರಿ ವಿಮೆ ಕಳೆದಂತಾಗುತ್ತದೆ.

2025ರ ಆಗಸ್ಟಿನಲ್ಲಿ ಕೊನೆಯ 540 ರೂಪಾಯಿ ಖರ್ಚಿಗೆ ಹೋಗಿ ಹಳೆಯ ಪಾಲಿಸಿಯ ಮುಂಗಡ ಖಾತೆ ಸೊನ್ನೆಯಾಯಿತು. ಹೊಸ ಬಿಲ್ಲು ಬಂದ ದಿನವೇ ಅಬ್ಬಾ ಅದನ್ನು ಖರ್ಚಿನ ಪುಟಕ್ಕೆ ಬರೆಯದೆ, ಮೇಲೆ ಎರಡು ತಾರೀಖು ಗುರುತು ಹಾಕಿ ನನ್ನ ಮೇಜಿನ ಮೇಲೆ ಇಟ್ಟಿದ್ದರು. ಈ ಸಲ ಅದು ಮೊದಲ ದಿನದಿಂದಲೇ ಆಸ್ತಿಯಾಗಿ ಪುಸ್ತಕ ಸೇರಿತು. ನಿಮ್ಮ ಮನೆಯಲ್ಲೂ ಪಾಲುದಾರಿಕೆಯ ಅಂಗಡಿ, ಲಾರಿ ಅಥವಾ ಗೋದಾಮು ಇದ್ದರೆ ಪಾಲಿಸಿಯ ಕಾಗದ ತೆಗೆದು ಆ ಎರಡು ತಾರೀಖು ನೋಡಿ, ಇವತ್ತಿಗೆ ಎಷ್ಟು ದಿನ ಉಳಿದಿದೆ ಎಂದು ಎಣಿಸಿ, ಆ ದಿನಗಳ ಬೆಲೆ ಪುಸ್ತಕದಲ್ಲಿ ಯಾರ ಹೆಸರಿನಲ್ಲಿದೆ ಎಂದು ಹುಡುಕಿ.